ಕೊಂಡ ವಿಮೆಯನ್ನು ಹಿಂದಿರುಗಿಸುವ ಮೂವತ್ತು ದಿವಸಗಳು

ಜೀವವಿಮೆಯ ಪತ್ರವು ಮನೆಗೆ ಬಂದ ದಿವಸವೇ ಅದನ್ನು ಬಿಚ್ಚಿ ಓದುವ ಗೃಹಸ್ಥರು ನಮ್ಮಲ್ಲಿ ವಿರಳ. ಅಂಚೆಯವನಿಂದ ಲಕೋಟೆಯನ್ನು ಪಡೆದು, ಹೆಸರು ಸರಿಯಾಗಿದೆಯೇ ಎಂದು ಒಂದು ಸಾರಿ ನೋಡಿ, ಮನೆಯ ಕ್ರಯಪತ್ರ ಮತ್ತು ಮಕ್ಕಳ ಜಾತಕಗಳಿರುವ ಪೆಟ್ಟಿಗೆಯಲ್ಲಿಯೇ ಅದನ್ನೂ ಇಟ್ಟುಬಿಡುವುದು ವಾಡಿಕೆ. ಈಗಂತೂ ಪತ್ರವು ಅನೇಕ ವೇಳೆ ಕಾಗದದಲ್ಲಿಯೇ ಬರುವುದಿಲ್ಲ. ಮಿಂಚಂಚೆಯಲ್ಲಿ ಬಂದು ಯಾರೂ ತೆರೆಯದ ಹತ್ತಾರು ಓಲೆಗಳ ನಡುವೆ ಬಿದ್ದಿರುತ್ತದೆ. ಆದರೆ ಆ ಪತ್ರವು ಕೈಸೇರಿದ ದಿವಸದಿಂದ ಒಂದು ಗಡುವು ನಡೆಯಲಾರಂಭಿಸುತ್ತದೆ ಎಂಬುದನ್ನು ವಾಚಕರು ತಿಳಿದಿರಬೇಕು. ಆ ಗಡುವಿನೊಳಗೆ ಪತ್ರವನ್ನು ಓದಿ, ಒಪ್ಪಿಗೆಯಾಗದಿದ್ದರೆ ಕಂಪೆನಿಗೆ ಹಿಂದಿರುಗಿಸಿ, ಕಟ್ಟಿದ ಹಣದ ಬಹುಭಾಗವನ್ನು ಮರಳಿ ಪಡೆಯಬಹುದು. ಇದಕ್ಕೆ ವ್ಯವಹಾರದಲ್ಲಿ ಫ್ರೀ ಲುಕ್ ಅವಧಿ ಎಂದು ಹೆಸರು.

ಈ ಹಕ್ಕು ಹೊಸದಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರವು 2002ರಲ್ಲಿಯೇ ಪಾಲಿಸಿದಾರರಿಗೆ ಹದಿನೈದು ದಿವಸಗಳ ಅವಕಾಶವನ್ನು ಕೊಟ್ಟಿತ್ತು. 2024ನೆಯ ಇಸವಿ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳ ಮೇರೆಗೆ, ಪತ್ರವು ಕಾಗದದಲ್ಲಿ ಬಂದಿರಲಿ ಮಿಂಚಂಚೆಯಲ್ಲಿ ಬಂದಿರಲಿ, ಈಗ ಎಲ್ಲರಿಗೂ ಮೂವತ್ತು ದಿವಸಗಳ ಅವಕಾಶವುಂಟು. ಹದಿನೈದು ದಿವಸವೆಂದು ಈಗಲೂ ಹೇಳುವ ಏಜಂಟರಿದ್ದರೆ ಅವರು ಹಳೆಯ ಪಾಠವನ್ನು ಒಪ್ಪಿಸುತ್ತಿದ್ದಾರೆಂದು ತಿಳಿಯತಕ್ಕದ್ದು.

ಇಲ್ಲಿ ಮೊದಲು ಗಮನಿಸಬೇಕಾದುದು ಗಡುವಿನ ಆರಂಭ. ಕಂತು ಕಟ್ಟಿದ ದಿವಸವಾಗಲಿ, ಅರ್ಜಿಗೆ ಸಹಿ ಹಾಕಿದ ದಿವಸವಾಗಲಿ, ಪತ್ರದ ಮೇಲೆ ಅಚ್ಚಾಗಿರುವ ತಾರೀಖಾಗಲಿ ಆರಂಭವಲ್ಲ. ಪತ್ರವು ಪಾಲಿಸಿದಾರನ ಕೈಸೇರಿದ ದಿವಸವೇ ಆರಂಭ. ಆದಕಾರಣ ಲಕೋಟೆಯನ್ನು ಹರಿದು ಬಿಸಾಡಕೂಡದು. ಅದರ ಮೇಲಿರುವ ಅಂಚೆಯ ಮುದ್ರೆಯೇ ಮುಂದೆ ಸಾಕ್ಷಿಯಾಗಬಹುದು. ಮಿಂಚಂಚೆಯಾದರೆ ಅದು ಬಂದ ದಿನಾಂಕವು ತಾನಾಗಿಯೇ ದಾಖಲಾಗಿರುತ್ತದೆ. ಅದನ್ನು ಅಳಿಸದಿದ್ದರೆ ಸಾಕು. ಆದರೆ ಅರ್ಜಿಯನ್ನು ತುಂಬುವಾಗ ಏಜಂಟನು ತನ್ನದೇ ಮಿಂಚಂಚೆಯ ವಿಳಾಸವನ್ನೋ ತನ್ನದೇ ಮೊಬೈಲ್ ಸಂಖ್ಯೆಯನ್ನೋ ಬರೆದಿರುವ ಪ್ರಸಂಗಗಳುಂಟು. ಆಗ ಪತ್ರವು ಕಂಪೆನಿಯ ದೃಷ್ಟಿಯಲ್ಲಿ ತಲಪಿಯಾಯಿತು, ಗೃಹಸ್ಥನ ದೃಷ್ಟಿಯಲ್ಲಿ ಬಂದೇ ಇಲ್ಲ. ಕಂತು ಕಟ್ಟಿ ಎರಡು ಮೂರು ವಾರಗಳಾದರೂ ಪತ್ರ ಕಾಣದಿದ್ದರೆ, ಏಜಂಟನನ್ನು ಕೇಳುತ್ತ ಕೂರದೆ ಕಂಪೆನಿಯ ಶಾಖೆಗೇ ಹೋಗಿ ಅದು ಯಾವ ವಿಳಾಸಕ್ಕೆ, ಯಾವ ದಿವಸ ಹೋಯಿತೆಂದು ಬರೆಹದಲ್ಲಿ ವಿಚಾರಿಸಬೇಕು.

ಈಗ ಒಂದು ದೃಷ್ಟಾಂತವನ್ನು ಕಲ್ಪಿಸಿಕೊಂಡು ಮುಂದುವರಿಯೋಣ. ದಾವಣಗೆರೆಯ ಒಬ್ಬ ಕಿರಾಣಿ ಅಂಗಡಿಯವರು, ವಯಸ್ಸು ನಾಲ್ವತ್ತೆಂಟು. ಬ್ಯಾಂಕಿನಲ್ಲಿಟ್ಟಿದ್ದ ಒಂದು ಲಕ್ಷ ರೂಪಾಯಿಯ ಠೇವಣಿಯ ಅವಧಿ ಮುಗಿದಿದೆ. ಅದನ್ನು ನವೀಕರಿಸಲು ಹೋದಾಗ ಅಲ್ಲಿಯ ಮೇಜಿನ ಬಳಿಯಿದ್ದ ತರುಣನು, “ಇದೂ ಠೇವಣಿಯಂತೆಯೇ ಸ್ವಾಮಿ, ಬಡ್ಡಿ ಹೆಚ್ಚು, ಮೇಲೆ ವಿಮೆಯೂ ಉಂಟು” ಎಂದು ನಾಲ್ಕು ಕಡೆ ಸಹಿ ಹಾಕಿಸಿಕೊಳ್ಳುತ್ತಾನೆ. ಕಂಪೆನಿಯಿಂದ ಒಂದು ಕರೆ ಬರುವುದೆಂದೂ, ಕೇಳಿದ್ದಕ್ಕೆಲ್ಲ ಹೌದೆನ್ನಬೇಕೆಂದೂ ಹೇಳಿಕೊಡುತ್ತಾನೆ. ರಕ್ತ ಪರೀಕ್ಷೆಯೂ ಆಗುತ್ತದೆ. ಜೂನ್ 5ರಿಂದ ವಿಮಾರಕ್ಷಣೆ ಪ್ರಾರಂಭವಾಗುತ್ತದೆ. ಜೂನ್ 19ರಂದು ಪತ್ರವು ಮನೆಗೆ ಬರುತ್ತದೆ.

ಪತ್ರವನ್ನು ಬಿಚ್ಚಿದವರು ಮನೆಯಾಕೆ. ಎರಡನೆಯ ಪುಟದ ಕೋಷ್ಟಕವನ್ನು ಓದಿ ಆಕೆ, “ಏನೂಂದರೆ, ಒಂದು ಸಾರಿ ಕಟ್ಟಿದರೆ ಆಯಿತು ಎಂದಿರಲ್ಲ, ಇಲ್ಲಿ ಹತ್ತು ವರುಷ ಎಂದು ಬರೆದಿದೆ?” ಎಂದು ಕೇಳುತ್ತಾರೆ. ನೋಡಿದರೆ ನಿಜ. ವರ್ಷಕ್ಕೆ ಒಂದು ಲಕ್ಷದಂತೆ ಹತ್ತು ವರ್ಷ ಕಂತು ಕಟ್ಟಬೇಕಾದ ಪಾಲಿಸಿ. ವಿಮಾ ಮೊತ್ತ ಹತ್ತು ಲಕ್ಷ. ಮುಂದಿನ ಒಂಬತ್ತು ಲಕ್ಷವನ್ನು ಅಂಗಡಿಯ ಆದಾಯದಿಂದ ತೆಗೆಯುವುದು ಅವರಿಂದಾಗದ ಮಾತು.

ಪತ್ರವನ್ನೆಲ್ಲ ಓದಲು ಬಿಡುವಿಲ್ಲದವರು ಆ ಕೋಷ್ಟಕ ಒಂದನ್ನಾದರೂ ಓದಬೇಕೆಂದು ನಾವು ಹೇಳುವುದು ಇದಕ್ಕೇ. ಕಂತು ಎಷ್ಟು, ಎಷ್ಟು ವರ್ಷ ಕಟ್ಟಬೇಕು, ಹಣ ಯಾವಾಗ ಕೈಗೆ ಬರುವುದು, ವಾರಸುದಾರರಾಗಿ ಯಾರ ಹೆಸರಿದೆ, ಇವಿಷ್ಟೂ ಅಲ್ಲಿಯೇ ಇರುತ್ತವೆ. ಪತ್ರದ ಜೊತೆಯಲ್ಲಿ ಅರ್ಜಿಯ ನಕಲು ಬಂದಿದ್ದರೆ ಅದನ್ನೂ ನೋಡಬೇಕು. ಆದಾಯ, ಉದ್ಯೋಗ, ಕಾಯಿಲೆಗಳ ವಿಷಯದಲ್ಲಿ ತಾವು ಹೇಳದ ಮಾತುಗಳು ತಮ್ಮ ಸಹಿಯ ಮೇಲೆ ಕುಳಿತಿರುವುದನ್ನು ಕಂಡು ಬೆರಗಾದವರು ಎಷ್ಟೋ ಮಂದಿ.

ಅಂಗಡಿಯವರು ಈಗ ಮಾಡತಕ್ಕದ್ದೇನು? ಗಡುವು ಜುಲೈ 19ಕ್ಕೆ ಮುಗಿಯುತ್ತದೆ. ಕೊನೆಯ ದಿವಸದವರೆಗೆ ಕಾಯುವುದು ಜಾಣತನವಲ್ಲ. ಅವರು ಕಂಪೆನಿಯ ಶಾಖೆಗೆ ಒಂದು ಪತ್ರವನ್ನು ಬರೆಯಬೇಕು. ಪಾಲಿಸಿಯ ಸಂಖ್ಯೆ, ಪತ್ರವು ತಮಗೆ ತಲಪಿದ ತಾರೀಖು, ಫ್ರೀ ಲುಕ್ ಅವಧಿಯೊಳಗೆ ಪಾಲಿಸಿಯನ್ನು ರದ್ದುಮಾಡಬೇಕೆಂಬ ಸ್ಪಷ್ಟವಾದ ಮಾತು, ಮತ್ತು ಕಾರಣ, ಇವು ಅದರಲ್ಲಿರಬೇಕು. ಕಾರಣವು ದೀರ್ಘವಾಗಿರಬೇಕಾದುದಿಲ್ಲ. ಹತ್ತು ವರ್ಷ ಕಂತು ಕಟ್ಟಬೇಕೆಂಬ ಷರತ್ತು ನಮಗೆ ಒಪ್ಪಿಗೆಯಿಲ್ಲ ಎಂಬ ಒಂದು ವಾಕ್ಯ ಸಾಕು. ಮಾರಿದವನು ಸುಳ್ಳು ಹೇಳಿದನೆಂದು ಸಾಧಿಸಬೇಕಾದ ಹೊರೆ ಈ ಮೂವತ್ತು ದಿವಸಗಳಲ್ಲಿ ಪಾಲಿಸಿದಾರನ ಮೇಲಿಲ್ಲ. ಈ ಅವಕಾಶದ ಬೆಲೆಯೆಲ್ಲ ಅದರಲ್ಲಿಯೇ ಇದೆ. ಗಡುವು ಕಳೆದ ಮೇಲಾದರೋ ಅದೇ ಮಾತನ್ನು ಸಾಕ್ಷಿಯೊಡನೆ ಸ್ಥಾಪಿಸಬೇಕಾಗುತ್ತದೆ, ಮತ್ತು ಕೇಳಿದ್ದಕ್ಕೆಲ್ಲ ಹೌದೆಂದ ಆ ಕರೆಯ ಧ್ವನಿಮುದ್ರಣವನ್ನು ಕಂಪೆನಿಯು ಮುಂದಿಡುತ್ತದೆ. ಪಾಲಿಸಿಯ ಮೇಲೆ ಯಾವ ಕ್ಲೇಮನ್ನೂ ಮಾಡಿರಬಾರದೆಂಬುದೊಂದೇ ಮುಖ್ಯವಾದ ನಿರ್ಬಂಧ.

ಪತ್ರದ ಜೊತೆಗೆ ಕಾಗದದ ಮೂಲ ಪಾಲಿಸಿ ಬಂದಿದ್ದರೆ ಅದನ್ನೂ, ಹಣವು ಖಾತೆಗೆ ಜಮೆಯಾಗಬೇಕಾದುದರಿಂದ ರದ್ದುಮಾಡಿದ ಒಂದು ಚೆಕ್ಕನ್ನೂ, ಗುರುತಿನ ಚೀಟಿಯ ನಕಲನ್ನೂ ಕೊಡಬೇಕಾಗುತ್ತದೆ. ಮೂಲವನ್ನು ಒಪ್ಪಿಸುವುದಕ್ಕೆ ಮೊದಲು ಎಲ್ಲ ಪುಟಗಳ ನಕಲನ್ನು ಇಟ್ಟುಕೊಳ್ಳಿರಿ. ಎಲ್ಲಕ್ಕಿಂತ ಮುಖ್ಯವಾದುದು, ತಾರೀಖಿನ ಮುದ್ರೆಯೊಡನೆ ಸ್ವೀಕೃತಿಯನ್ನು ಪಡೆಯುವುದು. ಶಾಖೆಯು ದೂರವಾದರೆ ಸ್ಪೀಡ್ ಪೋಸ್ಟ್ ಅಂಚೆಯಲ್ಲಿಯೂ, ಅದೇ ದಿವಸ ಕಂಪೆನಿಯ ಅಧಿಕೃತ ಮಿಂಚಂಚೆಗೂ ಕಳುಹಿಸುವುದು ಲೇಸು.

ಏಜಂಟನ ಕೈಗೆ ಪತ್ರವನ್ನು ಕೊಟ್ಟು ಸುಮ್ಮನಾಗುವುದು ಮಾತ್ರ ಕೂಡದು. ಅವನು ದುಷ್ಟನೆಂದಲ್ಲ, ಪಾಲಿಸಿ ರದ್ದಾದರೆ ಅವನಿಗೆ ಸಂದ ಕಮಿಷನ್ನನ್ನು ಕಂಪೆನಿಯು ಹಿಂದಕ್ಕೆ ಪಡೆಯುತ್ತದೆ. ಹೀಗಿರುವಾಗ “ಮುಂದಿನ ವಾರ ಮೇಲಧಿಕಾರಿಗಳು ಬರುತ್ತಾರೆ, ಆಗ ಕೊಡೋಣ” ಎಂಬ ಸಮಾಧಾನದಲ್ಲಿ ಮೂವತ್ತು ದಿವಸಗಳು ಸರಾಗವಾಗಿ ಕಳೆದುಹೋಗುವುದುಂಟು. ಇನ್ನೂ ಎರಡು ಕಡೆ ಎಚ್ಚರ ಬೇಕು. ಶಾಖೆಯಲ್ಲಿ ಕೊಡುವ ನಮೂನೆಯ ತಲೆಯಲ್ಲಿ ಫ್ರೀ ಲುಕ್ ರದ್ದತಿ ಎಂದಿದೆಯೇ, ಸರೆಂಡರ್ ಎಂದಿದೆಯೇ ನೋಡಬೇಕು. ಈ ಎರಡಕ್ಕೂ ಅಜಗಜಾಂತರ. ಹಾಗೆಯೇ, ಹಣವನ್ನು ಹಿಂದಕ್ಕೆ ಕೊಡುವ ಬದಲು ಬೇರೊಂದು ಒಳ್ಳೆಯ ಪಾಲಿಸಿಗೆ ವರ್ಗಾಯಿಸುತ್ತೇವೆಂಬ ಮಾತಿಗೆ ಆ ಮೇಜಿನ ಮುಂದೆಯೇ ಒಪ್ಪಬಾರದು. ಮೊದಲು ಹಣ ಖಾತೆಗೆ ಬರಲಿ. ಆಮೇಲೆ ಯೋಚಿಸೋಣ ಎನ್ನಬೇಕು.

ಇನ್ನು ಕಡಿತದ ವಿಷಯ. ಕಂಪೆನಿಯು ಕಟ್ಟಿದ ಹಣವನ್ನು ಪೂರ್ತಿಯಾಗಿ ಕೊಡುವುದಿಲ್ಲ. ಆದರೆ ತನಗೆ ತೋಚಿದಷ್ಟನ್ನು ಹಿಡಿದುಕೊಳ್ಳುವಂತೆಯೂ ಇಲ್ಲ. ನಿಯಮವು ಮೂರೇ ಬಾಬುಗಳನ್ನು ಹೇಳಿದೆ.

ಮೊದಲನೆಯದು ರಕ್ಷಣೆ ಇದ್ದ ದಿವಸಗಳ ಅಪಾಯದ ಕಂತು. ನಮ್ಮ ಅಂಗಡಿಯವರು ಜೂನ್ ತಿಂಗಳ ಕೊನೆಯಲ್ಲಿ ದೈವವಶಾತ್ ತೀರಿಕೊಂಡಿದ್ದರೆ, ಒಂದೇ ಕಂತು ಕಟ್ಟಿದ್ದರೂ ಅವರ ಕುಟುಂಬಕ್ಕೆ ಕಂಪೆನಿಯು ಹತ್ತು ಲಕ್ಷವನ್ನು ಕೊಡಬೇಕಾಗುತ್ತಿತ್ತು. ಆ ಹೊಣೆಯನ್ನು ಹೊತ್ತ ದಿವಸಗಳಿಗಷ್ಟೇ ಅದಕ್ಕೆ ಪ್ರತಿಫಲ ಸಲ್ಲಬೇಕು. ಇದು ಇಡೀ ಕಂತಿನ ಭಾಗವಲ್ಲ. ವರ್ಷದ ಒಂದು ಲಕ್ಷದಲ್ಲಿ ಹೆಚ್ಚಿನದು ಉಳಿತಾಯದ ಭಾಗ. ಮರಣದ ಅಪಾಯಕ್ಕೆ ಸಲ್ಲುವುದು ವಯಸ್ಸನ್ನೂ ವಿಮಾ ಮೊತ್ತವನ್ನೂ ಅನುಸರಿಸಿದ ಒಂದು ಚಿಕ್ಕ ಪಾಲು. ಲೆಕ್ಕ ಸುಲಭವಾಗಲೆಂದು ಅದು ಸಾವಿರಕ್ಕೆ ವರ್ಷಕ್ಕೆ 3 ರೂಪಾಯಿ 65 ಪೈಸೆ ಎಂದು ಇಟ್ಟುಕೊಳ್ಳೋಣ. ಹತ್ತು ಲಕ್ಷಕ್ಕೆ ವರ್ಷಕ್ಕೆ 3,650 ರೂಪಾಯಿ, ಅಂದರೆ ದಿವಸಕ್ಕೆ ಹತ್ತು ರೂಪಾಯಿ. ಅವರು ಜುಲೈ 10ರಂದು ರದ್ದತಿಯ ಪತ್ರವನ್ನು ಕೊಟ್ಟರೆನ್ನಿ. ಜೂನ್ 5ರಿಂದ ಅಲ್ಲಿಯವರೆಗೆ 35 ದಿವಸ. ಕಡಿತ 350 ರೂಪಾಯಿ. ಇಲ್ಲಿ ದಿವಸಗಳನ್ನು ಎಣಿಸುವುದು ರಕ್ಷಣೆ ಪ್ರಾರಂಭವಾದ ತಾರೀಖಿನಿಂದಲೇ ಹೊರತು ಪತ್ರವು ಕೈಸೇರಿದ ತಾರೀಖಿನಿಂದಲ್ಲ. ಗಡುವಿನ ಲೆಕ್ಕ ಬೇರೆ, ಕಡಿತದ ಲೆಕ್ಕ ಬೇರೆ.

ಎರಡನೆಯದು ಸ್ಟಾಂಪು ಸುಂಕ. ಇದು ಸರಕಾರಕ್ಕೆ ಸಂದುಹೋದ ಹಣ. ವಿಮಾ ಮೊತ್ತದ ಪ್ರತಿ ಸಾವಿರಕ್ಕೆ 20 ಪೈಸೆಯಂತೆ, ಹತ್ತು ಲಕ್ಷಕ್ಕೆ 200 ರೂಪಾಯಿ. ಪತ್ರದಲ್ಲಿಯೇ ಈ ಮೊತ್ತವನ್ನು ಸಾಮಾನ್ಯವಾಗಿ ನಮೂದಿಸಿರುತ್ತಾರೆ, ಹೋಲಿಸಿ ನೋಡಬಹುದು.

ಮೂರನೆಯದು ವೈದ್ಯಕೀಯ ಪರೀಕ್ಷೆಗೆ ಕಂಪೆನಿಯು ನಿಜವಾಗಿ ಮಾಡಿದ ವೆಚ್ಚ. ಪರೀಕ್ಷೆಯೇ ಆಗದಿದ್ದವರಿಗೆ ಈ ಬಾಬಿನಲ್ಲಿ ಕಾಸೂ ಕಡಿತವಾಗಬಾರದು. ನಮ್ಮ ದೃಷ್ಟಾಂತದಲ್ಲಿ ಪ್ರಯೋಗಶಾಲೆಯ ಬಿಲ್ಲು 1,800 ರೂಪಾಯಿ ಎಂದು ಇಟ್ಟುಕೊಂಡರೆ, ಮೂರೂ ಸೇರಿ 2,350 ರೂಪಾಯಿ ಆಯಿತು. ಒಂದು ಲಕ್ಷದಲ್ಲಿ 97,650 ರೂಪಾಯಿ ಅಂಗಡಿಯವರ ಖಾತೆಗೆ ಮರಳುತ್ತದೆ. ಅರ್ಜಿಯು ಕಂಪೆನಿಗೆ ತಲಪಿದ ಏಳು ದಿವಸಗಳೊಳಗೆ ಈ ಹಣ ಬರತಕ್ಕದ್ದು.

ಏಜಂಟನ ಕಮಿಷನ್, ಕಚೇರಿಯ ಖರ್ಚು, ಪತ್ರವನ್ನು ಅಚ್ಚು ಹಾಕಿಸಿದ ಖರ್ಚು, ಸೇವಾ ಶುಲ್ಕ ಮುಂತಾದ ಹೆಸರುಗಳಿಗೆ ಈ ಪಟ್ಟಿಯಲ್ಲಿ ಸ್ಥಳವಿಲ್ಲ. ಬಂದ ಹಣವು ಎಣಿಸಿದುದಕ್ಕಿಂತ ಬಹಳ ಕಡಿಮೆಯಾಗಿದ್ದರೆ ಬಾಬುವಾರು ಲೆಕ್ಕವನ್ನು ಬರೆಹದಲ್ಲಿ ಕೇಳಬೇಕು. ಉಳಿತಾಯದ ಪಾಲಿಸಿಯಲ್ಲಿ ಒಂದು ತಿಂಗಳ ಅಪಾಯದ ಕಂತೆಂದು ಸಾವಿರಾರು ರೂಪಾಯಿ ಹಿಡಿದಿದ್ದರೆ ಎಲ್ಲಿಯೋ ತಪ್ಪಿದೆಯೆಂದು ಶಂಕಿಸಲು ಸಾಕಷ್ಟು ಕಾರಣವುಂಟು. ಜಿ.ಎಸ್.ಟಿ. ತೆರಿಗೆಯ ಗೊಂದಲವೂ ಈಗ ಇಲ್ಲ. 2025ರ ಸೆಪ್ಟೆಂಬರ್ 22ರಿಂದ ವ್ಯಕ್ತಿಗಳು ಕೊಳ್ಳುವ ಜೀವವಿಮೆಯ ಕಂತಿನ ಮೇಲೆ ಆ ತೆರಿಗೆಯನ್ನು ತೆಗೆದುಹಾಕಲಾಗಿದೆ.

ಆದರೆ ಎಲ್ಲ ಪಾಲಿಸಿಗಳಲ್ಲಿಯೂ ಕಡಿತವು ಇಷ್ಟು ಹಗುರವೆಂದು ವಾಚಕರು ಭಾವಿಸಬಾರದು. ಸ್ಟಾಂಪು ಸುಂಕವು ಕಂತನ್ನು ನೋಡುವುದಿಲ್ಲ, ವಿಮಾ ಮೊತ್ತವನ್ನು ನೋಡುತ್ತದೆ. ಉಳಿತಾಯವಿಲ್ಲದೆ ಮರಣಕ್ಕೆ ಮಾತ್ರ ರಕ್ಷಣೆ ಕೊಡುವ ಟರ್ಮ್ ಪಾಲಿಸಿಯನ್ನು ಒಂದು ಕೋಟಿಗೆ, ವರ್ಷಕ್ಕೆ 20,000 ರೂಪಾಯಿ ಕಂತಿನಲ್ಲಿ ಕೊಂಡರೆನ್ನಿ. ಸ್ಟಾಂಪಿಗೆ 2,000 ರೂಪಾಯಿ ಹೋಗುತ್ತದೆ. ದೊಡ್ಡ ಮೊತ್ತವಾದುದರಿಂದ ಪರೀಕ್ಷೆಗಳೂ ಹೆಚ್ಚು. ಅದಕ್ಕೆ 3,000 ಎನ್ನೋಣ. ಇಲ್ಲಿ ಕಂತೆಲ್ಲವೂ ಅಪಾಯಕ್ಕೇ ಸಲ್ಲುವುದೆಂದು ಎಣಿಸಿದರೆ 35 ದಿವಸಗಳಿಗೆ ಸುಮಾರು 1,918 ರೂಪಾಯಿ. ಒಟ್ಟು 6,918 ಕಳೆದು 13,082 ರೂಪಾಯಿ ಮಾತ್ರ ಕೈಗೆ ಬರುತ್ತದೆ. ಮೂರರಲ್ಲೊಂದು ಪಾಲು ಹೋಯಿತೆಂದು ಸಿಟ್ಟಾಗುವುದು ಸಹಜವಾದರೂ ಲೆಕ್ಕವು ಸರಿಯಾಗಿಯೇ ಇದೆ. ಇಂತಹ ಪಾಲಿಸಿಯನ್ನು ರದ್ದುಮಾಡಿ ಇನ್ನೊಂದು ಕಂಪೆನಿಯದನ್ನು ಕೊಳ್ಳಬೇಕೆನ್ನುವವರು, ಹೊಸದು ಮಂಜೂರಾಗಿ ಬಂದ ಮೇಲೆಯೇ ಹಳೆಯದನ್ನು ಹಿಂದಿರುಗಿಸಬೇಕು. ನಡುವೆ ರಕ್ಷಣೆಯಿಲ್ಲದ ದಿವಸಗಳು ಬರಕೂಡದು.

ಷೇರುಪೇಟೆಗೆ ತಗಲಿಕೊಂಡಿರುವ ಯೂಲಿಪ್ ಪಾಲಿಸಿಗಳಲ್ಲಿ ಮತ್ತೊಂದು ಸಂಗತಿಯುಂಟು. ಅಲ್ಲಿ ಕಟ್ಟಿದ ಹಣದಿಂದ ಕಂಪೆನಿಯು ಯೂನಿಟ್‌ಗಳನ್ನು ಕೊಂಡಿರುತ್ತದೆ. ರದ್ದುಮಾಡಿದಾಗ ಅವುಗಳನ್ನು ಆ ದಿವಸದ ಬೆಲೆಗೆ ಮರಳಿ ಕೊಳ್ಳಲು ಅದಕ್ಕೆ ಅಧಿಕಾರವಿದೆ. ಒಂದು ಲಕ್ಷದಲ್ಲಿ 3,000 ರೂಪಾಯಿಯನ್ನು ಆರಂಭದ ಶುಲ್ಕವೆಂದು ಹಿಡಿದು, ಉಳಿದ 97,000ಕ್ಕೆ ಯೂನಿಟ್ಟಿಗೆ 20 ರೂಪಾಯಿಯಂತೆ 4,850 ಯೂನಿಟ್‌ಗಳನ್ನು ಕೊಂಡಿದ್ದಾರೆನ್ನೋಣ. ರದ್ದಾದ ದಿವಸ ಬೆಲೆಯು 19ಕ್ಕೆ ಇಳಿದಿದ್ದರೆ ಅವುಗಳಿಗೆ 92,150 ರೂಪಾಯಿ ಬರುತ್ತದೆ. ಆರಂಭದಲ್ಲಿ ಹಿಡಿದಿದ್ದ 3,000ವನ್ನು ಸೇರಿಸಿ 95,150. ಇದರಿಂದ ಮೇಲೆ ಹೇಳಿದ ಮೂರು ಕಡಿತಗಳು. ಹೀಗೆ ಪೇಟೆಯ ನಷ್ಟವನ್ನು ಪಾಲಿಸಿದಾರನೇ ಹೊರಬೇಕು. ಬೆಲೆಯು 21ಕ್ಕೆ ಏರಿದ್ದರೆ ಲಾಭವೂ ಅವನದೇ. ಆದರೆ ಹಿಡಿದ ಶುಲ್ಕವನ್ನು ಮರಳಿ ಸೇರಿಸಿದ್ದಾರೆಯೇ ಎಂಬುದನ್ನು ಲೆಕ್ಕದಲ್ಲಿ ಹುಡುಕಿ ನೋಡಬೇಕು. ಬಹುಮಂದಿ ಇದನ್ನು ಗಮನಿಸುವುದೇ ಇಲ್ಲ.

ಗಡುವನ್ನು ಮೀರಿದರೆ ಆಗುವುದೇನೆಂಬುದನ್ನು ನಮ್ಮ ಅಂಗಡಿಯವರ ಲಕ್ಷ ರೂಪಾಯಿಯಿಂದಲೇ ತಿಳಿಯಬಹುದು. ಮೂವತ್ತೊಂದನೆಯ ದಿವಸದಿಂದ ಅದು ಸರೆಂಡರ್ ನಿಯಮಗಳಿಗೆ ಒಳಪಡುತ್ತದೆ. 2024ರ ನಿಯಮಗಳ ಮೇರೆಗೆ, ಒಂದು ವರ್ಷದ ಕಂತು ಪೂರ್ತಿಯಾಗಿ ಸಂದಾಯವಾಗಿ ಮೊದಲನೆಯ ವರ್ಷ ಮುಗಿದ ಮೇಲೆ ಏನಾದರೂ ಒಂದು ಮೊತ್ತ ದೊರೆಯುತ್ತದೆ. ಅದಕ್ಕೆ ಮುಂಚೆ ಇಲ್ಲ. ದೊರೆತರೂ ಅದು ಕಟ್ಟಿದುದಕ್ಕಿಂತ ಬಹಳ ಕಡಿಮೆ. ಯೂಲಿಪ್ಪಿನಲ್ಲಾದರೆ ಐದು ವರ್ಷಗಳವರೆಗೆ ಹಣವನ್ನು ಹೊರತೆಗೆಯಲಾಗುವುದಿಲ್ಲ. ಜುಲೈ 19ರಂದು 97,000ದ ಮೇಲಿದ್ದ ಹಕ್ಕು ಜುಲೈ 20ರಂದು ಹೀಗೆ ಕರಗಿಹೋಗುತ್ತದೆ.

ಗಡುವಿನೊಳಗೆ ಪತ್ರ ಕೊಟ್ಟಿದ್ದರೂ ಕಂಪೆನಿಯು ಹಣವನ್ನು ತಡೆದರೆ, ಅಥವಾ ಪತ್ರವು ನಿಮಗೆ ಮೊದಲೇ ತಲಪಿತ್ತೆಂದು ವಾದಿಸಿದರೆ, ಮೊದಲು ಆ ಕಂಪೆನಿಯ ದೂರು ಅಧಿಕಾರಿಗೆ ಸ್ವೀಕೃತಿಯ ನಕಲಿನೊಡನೆ ಬರೆಯಬೇಕು. ಪ್ರಾಧಿಕಾರದ ಬಿಮಾ ಭರೋಸಾ ಎಂಬ ಜಾಲತಾಣದಲ್ಲಿಯೂ, 155255 ಎಂಬ ದೂರವಾಣಿಯಲ್ಲಿಯೂ ದೂರನ್ನು ದಾಖಲಿಸಬಹುದು. ಒಂದು ತಿಂಗಳಾದರೂ ಉತ್ತರ ಬಾರದಿದ್ದರೆ, ಇಲ್ಲವೆ ಬಂದ ಉತ್ತರ ತೃಪ್ತಿಕರವಾಗಿಲ್ಲದಿದ್ದರೆ, ವಿಮಾ ಒಂಬುಡ್ಸ್‌ಮನ್ ಅವರಿಗೆ ಒಂದು ವರ್ಷದೊಳಗೆ ಅರ್ಜಿ ಸಲ್ಲಿಸಬಹುದು. ಕರ್ನಾಟಕದವರಿಗೆ ಈ ಕಚೇರಿಯು ಬೆಂಗಳೂರಿನಲ್ಲಿದೆ. ಅಲ್ಲಿ ಶುಲ್ಕವಿಲ್ಲ, ವಕೀಲರನ್ನು ಇಟ್ಟುಕೊಳ್ಳಬೇಕಾದುದೂ ಇಲ್ಲ. ಅವರು ಕೇಳುವ ಮೊದಲ ಕಾಗದಗಳು ಎರಡು: ಪಾಲಿಸಿಯು ಬಂದ ಲಕೋಟೆ ಅಥವಾ ಮಿಂಚಂಚೆ, ಮತ್ತು ರದ್ದತಿಯ ಪತ್ರದ ಮೇಲೆ ಶಾಖೆಯವರು ಒತ್ತಿದ ತಾರೀಖಿನ ಮುದ್ರೆ.